ಅಮ್ಮನ ಥೈರಾಯ್ಡ್ ಮಾತ್ರೆ ಜರ್ಮನಿಯಿಂದ ಕೊರಿಯರ್ ಮಾಡಬಹುದಾ?

ಪ್ರಶ್ನೆ: ಅಮ್ಮ ಡೊಂಬಿವಲಿಯಲ್ಲಿದ್ದಾರೆ. ನನ್ನ ಜೊತೆ ಇದ್ದಾಗ ಇಲ್ಲಿನ ಡಾಕ್ಟರ್ ಶುರು ಮಾಡಿದ ಮಾತ್ರೆಯನ್ನು ಮೂರು ತಿಂಗಳಿಗೊಮ್ಮೆ ಕಳಿಸಬಹುದಾ?

ಉತ್ತರ: ಕಳಿಸಬಹುದು, ಆದರೆ ಸುಮ್ನೆ ಡಬ್ಬಕ್ಕೆ ಹಾಕಿ ಅಲ್ಲ. ಔಷಧಿ ಕೊರಿಯರ್‌ನಲ್ಲಿ ಬಂದರೆ ಸ್ವಂತ ಬಳಕೆಗೂ ಭಾರತದ ಔಷಧಿ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಓದ ಪರವಾನಗಿ ಬೇಕು. ಫಾರ್ಮ್ 12ಎ ತುಂಬಿ, ಡಾಕ್ಟರ್ ಚೀಟಿ ಲಗತ್ತಿಸಿದರೆ ಫಾರ್ಮ್ 12ಬಿಯಲ್ಲಿ ಪರವಾನಗಿ ಕೊಡುತ್ತಾರೆ. ಅದಿಲ್ಲದಿದ್ದರೆ ಪಾರ್ಸೆಲ್ ಮುಂಬೈ ಕಸ್ಟಮ್ಸ್‌ನಲ್ಲೇ ಕೂತುಬಿಡಬಹುದು.

ಪ್ರಯಾಣಿಕರು ತಮ್ಮದೇ ಬಳಕೆಗೆ ಲಗೇಜಿನಲ್ಲಿ ತರುವುದಕ್ಕೆ ಈ ಪರವಾನಗಿ ಬೇಡ. ಒಂದೊಂದು ಔಷಧಿ 100 ಡೋಸ್ ಮೀರಬಾರದು ಅಷ್ಟೇ. ಅಂದರೆ ಅಮ್ಮ ನಿಮ್ಮಲ್ಲಿಗೆ ಬಂದು ಹೋಗುವಾಗ ಮೂರು ತಿಂಗಳಿನದು ಒಯ್ಯಬಹುದು. ಮಾತ್ರೆ ಸ್ಟ್ರಿಪ್‌ನಲ್ಲೇ, ಪೆಟ್ಟಿಗೆಯಲ್ಲೇ ಇರಲಿ. ಬಿಡಿಸಿ ಡಬ್ಬಿಗೆ ಸುರಿದರೆ ಹೆಸರು, ಬ್ಯಾಚ್, ಎಕ್ಸ್‌ಪೈರಿ ಯಾವುದೂ ಕಾಣಲ್ಲ.

ನನ್ನ ಕೇಳಿದರೆ ಇಷ್ಟು ತಾಪತ್ರಯವೇ ಬೇಡ. ಪೆಟ್ಟಿಗೆ ಮೇಲೆ ಬ್ರಾಂಡ್ ಹೆಸರಿನ ಕೆಳಗೆ ‘ಲೆವೊಥೈರಾಕ್ಸಿನ್ 75 ಮೈಕ್ರೋಗ್ರಾಂ’ ಅಂತ ಏನೋ ಇರುತ್ತದಲ್ವಾ? ಅದೇ ಔಷಧಿ ಡೊಂಬಿವಲಿ ಮೆಡಿಕಲ್‌ನಲ್ಲೂ ಸಿಗುತ್ತದೆ, ಅಗ್ಗಕ್ಕೆ. ಅಲ್ಲಿನ ಡಾಕ್ಟರ್ ಹತ್ತಿರ ಹೊಸ ಚೀಟಿ ಬರೆಸಿ. ಮೈಕ್ರೋಗ್ರಾಂ ಲೆಕ್ಕ ತಾಳೆಯಾಗಲೇಬೇಕು. ಬ್ರಾಂಡ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಒಂದು ಸಲ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ; ಥೈರಾಯ್ಡ್ ಮಾತ್ರೆಯಲ್ಲಿ ಸಣ್ಣ ವ್ಯತ್ಯಾಸವೂ ರಿಪೋರ್ಟ್‌ನಲ್ಲಿ ಕಾಣುತ್ತದೆ.