ಕನ್ನಡ, ಇಂಗ್ಲಿಷ್ ಪ್ಯಾರಾಗಳನ್ನು ಎದುರುಬದುರು ನಿಲ್ಲಿಸುವ ಬಗೆ

ಪ್ರಶ್ನೆ: ವರ್ಡ್‌ನಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್ ಕಾಲಂ ಮಾಡಿದ್ದೇನೆ. ಪ್ಯಾರಾಗಳು ಎದುರುಬದುರು ಬರಬೇಕಾದರೆ ಅಕ್ಷರದ ಗಾತ್ರ, ಸಾಲಿನ ಅಂತರ ಎಷ್ಟಿಡಬೇಕು?

ಗಾತ್ರ ಹೊಂದಿಸುವ ದಾರಿಯನ್ನೇ ದಯವಿಟ್ಟು ಬಿಟ್ಟುಬಿಡಿ. ಬದಿಯಡ್ಕದ ಸಮೀಪದ ನಮ್ಮ ವಾಚನಾಲಯದ ನಿಯಮಾವಳಿಯನ್ನು ಎರಡು ಭಾಷೆಗಳಲ್ಲಿ ಅಚ್ಚಿಗೆ ಸಿದ್ಧಪಡಿಸುವಾಗ ನಾನೂ Columns ಬಳಸಿ, ಇಂಗ್ಲಿಷ್ ಪ್ಯಾರಾ ಬೇಗ ಮುಗಿದಲ್ಲೆಲ್ಲ ಎಂಟರ್ ಒತ್ತಿ, ಖಾಲಿ ಸಾಲುಗಳಿಂದ ಮುಂದಿನ ಪ್ಯಾರಾವನ್ನು ಕನ್ನಡದ ಮಟ್ಟಕ್ಕೆ ಇಳಿಸಿದ್ದೆ. ಕಾಸರಗೋಡಿನ ಮುದ್ರಣಾಲಯದ ಕಂಪ್ಯೂಟರಿನಲ್ಲಿ ನನ್ನ ಕನ್ನಡ ಫಾಂಟ್ ಇರಲಿಲ್ಲವಾದ್ದರಿಂದ ವರ್ಡ್ ಬೇರೊಂದನ್ನು ಹಾಕಿಕೊಂಡಿತು. ಫಾಂಟ್ ಬದಲಾದರೆ ಸಾಲು ಮುರಿಯುವ ಜಾಗವೂ ಒತ್ತಕ್ಷರಕ್ಕೆ ಬೇಕಾದ ಎತ್ತರವೂ ಬದಲಾಗುತ್ತವೆ. ಆದರೆ ಕೈಯಿಂದ ತುಂಬಿದ ಖಾಲಿ ಸಾಲುಗಳು ಮೊದಲಿನಷ್ಟೇ ಇರುತ್ತವೆ. ಪುಟದಿಂದ ಪುಟಕ್ಕೆ ಈ ವ್ಯತ್ಯಾಸ ಕೂಡುತ್ತ ಹೋಗಿ, ಠೇವಣಿ ಹಿಂದಿರುಗಿಸುವ ಕನ್ನಡ ನಿಯಮದ ಎದುರು ವಿಳಂಬ ಶುಲ್ಕದ ಇಂಗ್ಲಿಷ್ ನಿಯಮ ಬಂದು ಕುಳಿತಿತು. ಅಲ್ಲಿನ ಕೆಲಸಗಾರರಿಗೆ ಮಲಯಾಳವಲ್ಲದೆ ಕನ್ನಡ ಓದಲು ಬರುತ್ತಿರಲಿಲ್ಲ, ನಾನು ಕನ್ನಡದ ಬದಿಯಲ್ಲಿ ೬, ೭ ಎಂದು ಹಾಕಿದ್ದರಿಂದ ಅಂಕಿ ನೋಡಿ ಹಿಡಿಯುವುದಕ್ಕೂ ಆಗಲಿಲ್ಲ. ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸಬೇಕಾಯಿತು.

ಆದ್ದರಿಂದ ಟೇಬಲ್ ಮಾಡಿ. ಒಂದು ಅಡ್ಡಸಾಲಿಗೆ ಒಂದು ಪ್ಯಾರಾ. ಅಡ್ಡಸಾಲಿನ ಎತ್ತರವನ್ನು ಎರಡರಲ್ಲಿ ಉದ್ದವಾದ ಪ್ಯಾರಾವೇ ನಿರ್ಧರಿಸುವುದರಿಂದ, ಫಾಂಟ್ ಏನೇ ಆದರೂ ಮುಂದಿನ ಜೋಡಿ ಒಂದೇ ಮಟ್ಟದಿಂದ ಆರಂಭವಾಗುತ್ತದೆ.

ಎರಡು ಭಾಷೆಗಳನ್ನೂ ಬೇರೆ ಬೇರೆ ಫೈಲಿನಲ್ಲಿಟ್ಟು ¶ ಗುಂಡಿ ಒತ್ತಿ ನೋಡಿ. ಶಿಫ್ಟ್ ಹಿಡಿದು ಎಂಟರ್ ಒತ್ತಿದಲ್ಲಿ ¶ ಬದಲು ಬಾಗಿದ ಬಾಣ ಕಾಣುತ್ತದೆ. ಕಣ್ಣಿಗೆ ಅದು ಹೊಸ ಪ್ಯಾರಾ, ವರ್ಡ್‌ಗೆ ಅಲ್ಲ. Replace ಪೆಟ್ಟಿಗೆಯಲ್ಲಿ `^l` ಇದ್ದಲ್ಲೆಲ್ಲ `^p` ಹಾಕಿ, ಬಳಿಕ ಖಾಲಿ ಪ್ಯಾರಾಗಳು ತೀರುವವರೆಗೆ `^p^p` ಅನ್ನು `^p` ಮಾಡಿ. ಆಮೇಲೆ ಪಠ್ಯವನ್ನೆಲ್ಲ ಆಯ್ದು, Convert Text to Table ತೆರೆದು, Paragraphs ಆರಿಸಿ, ಕಾಲಂ ಒಂದೇ ಇಡಿ. ಇಂಗ್ಲಿಷ್ ಟೇಬಲಿನ ಎಡಕ್ಕೆ ಖಾಲಿ ಕಾಲಂ ಸೇರಿಸಿ, ಅದನ್ನು ಇಡಿಯಾಗಿ ಆಯ್ದು, ಕನ್ನಡದ ಕಾಲಮನ್ನು ಅದರೊಳಗೆ ಪೇಸ್ಟ್ ಮಾಡಿ.

ಅಡ್ಡಸಾಲುಗಳ ಸಂಖ್ಯೆ ಸಮನಾದರೆ ಎಲ್ಲವೂ ಹೊಂದಿತೆಂದು ನಂಬಬೇಡಿ. ಅನುವಾದಕರು ಒಂದು ಕಡೆ ಪ್ಯಾರಾವನ್ನು ಒಡೆದು ಇನ್ನೊಂದು ಕಡೆ ಎರಡನ್ನು ಕೂಡಿಸಿದ್ದರೆ ಲೆಕ್ಕ ಸರಿಹೋಗುತ್ತದೆ, ನಡುವಿನ ಜೋಡಿಗಳು ಮಾತ್ರ ತಪ್ಪಿರುತ್ತವೆ. ನಮ್ಮಲ್ಲಿ ಸದಸ್ಯತ್ವದ ನಿಯಮ ಮೂಲ ಕನ್ನಡದಲ್ಲಿ ಒಂದೇ ಪ್ಯಾರಾ, ಇಂಗ್ಲಿಷಿನಲ್ಲಿ ಎರಡಾಗಿತ್ತು. ಇಂಥಲ್ಲಿ ಮೂಲವನ್ನು ಒಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅನುವಾದದ ಎರಡು ತುಂಡುಗಳನ್ನು, Replace ಕೆಲಸ ಮುಗಿದ ಮೇಲೆ, ಟೇಬಲ್ ಮಾಡುವ ಮೊದಲೇ ಶಿಫ್ಟ್-ಎಂಟರ್‌ನಿಂದ ಜೋಡಿಸಿದರೆ ಅವು ಒಂದೇ ಕೋಣೆಯಲ್ಲಿ ಉಳಿಯುತ್ತವೆ.

ಎರಡೂ ಬದಿಗೆ 1, 2, 3 ಎಂಬ ಅಂಕಿಗಳನ್ನೇ ಬಳಸಿ; ಕನ್ನಡ ಬಾರದವರೂ ಆಗ ಜೋಡಿಯನ್ನು ಪರೀಕ್ಷಿಸಬಲ್ಲರು. ಗೆರೆಗಳು ಬೇಡವೆಂದರೆ ಕೊನೆಯಲ್ಲಿ ಬಾರ್ಡರ್ ತೆಗೆಯಿರಿ, ಮುದ್ರಣಾಲಯಕ್ಕೆ ಫಾಂಟ್ ಒಳಗೊಂಡ ಪಿಡಿಎಫ್ ಕೊಡಿ.