ಕರೆಂಟ್ ಹೋದಾಗ ಫ್ರಿಜ್ಜಿನ ಸಾರು

"ತೀರ್ಥಹಳ್ಳಿ ಹತ್ರ ಮನೆ, ಮಳೆಗೆ ಕರೆಂಟ್ ಹೋಗಿ ಬಂತು. ಫ್ರಿಜ್ ಥರ್ಮಾಮೀಟರ್ 9 ಡಿಗ್ರಿ ತೋರಿಸ್ತಿದೆ. ನಿನ್ನೆಯ ಕೋಳಿ ಸಾರು ಬಿಸಿ ಮಾಡಿ ತಿನ್ನಬಹುದಾ?"

ಆ 9 ಬರೀ ಗಾಳಿಯದ್ದಿರಬಹುದು, ಬಾಗಿಲು ತೆಗೆದರೂ ಅದು ಏರುತ್ತೆ. ಸಾರಿನ ಮಧ್ಯಕ್ಕೇ ಪ್ರೋಬ್, ಅಂದರೆ ಅಡುಗೆಗೆ ಚುಚ್ಚಿ ನೋಡುವ ಥರ್ಮಾಮೀಟರ್, ಇಳಿಸಿ ನೋಡಿ. 5 ಅಥವಾ ಕಡಿಮೆ ಇದ್ದರೆ ಚಿಂತೆಯಿಲ್ಲ. ಸಾರೇ 9 ಇದ್ದು, ಕರೆಂಟ್ ಹೋಗಿದ್ದು ರಾತ್ರಿಯಿಡೀ ಅಂದರೆ ದಯವಿಟ್ಟು ಚೆಲ್ಲಿಬಿಡಿ. 5 ದಾಟಿ 2 ಗಂಟೆಗಿಂತ ಹೆಚ್ಚು ಇದ್ದದ್ದನ್ನು ನಾನು ಉಳಿಸೋದಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಗೂ ಜಗ್ಗಲ್ಲ, ವಾಸನೆಯಲ್ಲೂ ಗೊತ್ತಾಗಲ್ಲ.

ಸಾರು ಸರಿಯಿದ್ದರೆ ಚೆನ್ನಾಗಿ ತಿರುವುತ್ತಾ ಬಿಸಿ ಮಾಡಿ. ಅಂಚಲ್ಲಿ ಗುಳ್ಳೆ ಬಂದ ಮಾತ್ರಕ್ಕೆ ನಂಬಬೇಡಿ, ದಪ್ಪ ತುಂಡಿನ ನಡುವೆ ಪ್ರೋಬ್ ಚುಚ್ಚಿ. ಮೂಳೆಗೆ ತಾಗಿದರೆ ಅಳತೆ ತಪ್ಪುತ್ತೆ. ಅಲ್ಲಿ 75 ಬರಬೇಕು.

ಪ್ರೋಬ್ ಮೇಲೆ ಅನುಮಾನವಿದ್ದರೆ ಐಸ್ ಪುಡಿ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿ, 0 ಬರಬೇಕು. ಕುದಿಯುವ ನೀರಲ್ಲಿ 98 ತೋರಿಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ, ನಮ್ಮ ಘಟ್ಟದ ಎತ್ತರಕ್ಕೆ ನೀರು ಅಷ್ಟರಲ್ಲೇ ಕುದಿಯುತ್ತೆ.

ಇನ್ನು ಮುಂದೆ ಫ್ರಿಜ್ ಥರ್ಮಾಮೀಟರನ್ನು ನಡು ಅಂತಸ್ತಿನಲ್ಲಿ ಒಂದು ಲೋಟ ನೀರಲ್ಲಿಟ್ಟು, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಓದಿ.