ಫೋಲ್ಡ್ ಕಡಿಮೆ ಬಂದಾಗ ಮೊದಲು ಪರೀಕ್ಷಿಸಬೇಕಾದದ್ದು ಬ್ಲಾಂಕ್

ಪ್ರಶ್ನೆ: ನಿಕಲ್ ಕಾಲಂ ನಂತರ ಯೀಲ್ಡ್ 70%, ಫೋಲ್ಡ್ ಬರೀ 3. ವಾಶ್‌ನಲ್ಲಿ ಇಮಿಡಜೋಲ್ ಹೆಚ್ಚಿಸಲೇ, ಇನ್ನೊಂದು ಕಾಲಂ ಹಾಕಲೇ?

ಸದ್ಯಕ್ಕೆ ಎರಡೂ ಬೇಡ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ನಾನೂ ಇದೇ ಸಂಖ್ಯೆಗಳ ಮುಂದೆ ಕುಳಿತು ಇಮಿಡಜೋಲ್ ಹೆಚ್ಚಿಸಿದೆ. ಅದರಿಂದ ಒಂದು ತಿಂಗಳ ಕಿಣ್ವ ಕೈಬಿಟ್ಟುಹೋಯಿತು.

ನನ್ನ ಕ್ರೂಡ್ ಲೈಸೇಟ್‌ನಲ್ಲಿ 80 ಮಿಲಿಗ್ರಾಂ ಪ್ರೋಟೀನ್, 1600 ಯೂನಿಟ್ ಚಟುವಟಿಕೆ ಇತ್ತು, ಅಂದರೆ ಮಿಲಿಗ್ರಾಂಗೆ 20 ಯೂನಿಟ್. ಕಾಲಂನಿಂದ 250 ಮಿಲಿಮೋಲಾರ್ ಇಮಿಡಜೋಲ್‌ನಲ್ಲಿ ಇಳಿಸಿದ 20 ಮಿಲಿಲೀಟರ್‌ನಲ್ಲಿ 1200 ಯೂನಿಟ್ ಸಿಕ್ಕಿತು, ಯೀಲ್ಡ್ 75%. ಆದರೆ ಬಿಸಿಎ ವಿಧಾನದಲ್ಲಿ ಪ್ರೋಟೀನ್ 24 ಮಿಲಿಗ್ರಾಂ ಎಂದು ಬಂದಿದ್ದರಿಂದ ಮಿಲಿಗ್ರಾಂಗೆ 50 ಯೂನಿಟ್, ಕ್ರೂಡ್‌ನ 20ಕ್ಕೆ ಹೋಲಿಸಿದರೆ ಫೋಲ್ಡ್ 2.5 ಆಯಿತು. ಬೇರೆ ಪ್ರೋಟೀನ್‌ಗಳೂ ಅಂಟಿಕೊಂಡಿವೆ ಎಂದು ತೀರ್ಮಾನಿಸಿ, ವಾಶ್‌ನ ಇಮಿಡಜೋಲನ್ನು 20ರಿಂದ 80 ಮಿಲಿಮೋಲಾರ್‌ಗೆ ಏರಿಸಿ, ವಾಶ್ ದ್ರವವನ್ನು ಅಳೆಯದೆಯೇ ಸಿಂಕ್‌ಗೆ ಸುರಿದೆ. ಈ ಸಲ ಯೂನಿಟ್ 600ಕ್ಕೆ ಇಳಿಯಿತು, ಪ್ರೋಟೀನ್ 18 ಮಿಲಿಗ್ರಾಂ ತೋರಿಸಿತು, ಫೋಲ್ಡ್ 1.7ಕ್ಕೆ ಕುಸಿಯಿತು. ಹೆಚ್ಚು ತೊಳೆದಷ್ಟೂ ಪ್ರೋಟೀನ್ ಹೆಚ್ಚು ಕೊಳೆಯಾಗುವುದು ಹೇಗೆ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಮಂಡ್ಯದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ನಮ್ಮ ಸೀನಿಯರ್ ಅಕ್ಕ ನನ್ನ ನೋಟ್‌ಬುಕ್ ನೋಡಿ, "ಬ್ಲಾಂಕ್ ಯಾವುದಪ್ಪಾ?" ಎಂದು ಕೇಳಿದರು. ನೀರು ಎಂದೆ. ಅವರು ಪ್ರೋಟೀನೇ ಇಲ್ಲದ ಎಲ್ಯೂಷನ್ ಬಫರನ್ನು ಒಂದು ಟ್ಯೂಬಿಗೆ ಹಾಕಿ ಬಿಸಿಎ ಮಾಡಿಸಿದರು. ಅರ್ಧ ಗಂಟೆಯಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗಿ, ಮಿಲಿಲೀಟರಿಗೆ 0.6 ಮಿಲಿಗ್ರಾಂ 'ಪ್ರೋಟೀನ್' ತೋರಿಸಿತು. ಬಿಸಿಎ ತಾಮ್ರವನ್ನು ಆಧರಿಸಿದ ವಿಧಾನ, ಇಮಿಡಜೋಲ್ ತಾಮ್ರವನ್ನೂ ಹಿಡಿಯುತ್ತದೆ. ಕ್ರೂಡ್‌ನಲ್ಲಿ ಅದು 10 ಮಿಲಿಮೋಲಾರ್ ಮಾತ್ರ ಇದ್ದುದರಿಂದ ತೊಂದರೆಯಾಗಲಿಲ್ಲ. 250ರಲ್ಲಿ 20 ಮಿಲಿಲೀಟರಿಗೆ 12 ಮಿಲಿಗ್ರಾಂ ಸುಳ್ಳು ಸೇರಿತ್ತು. ಅದನ್ನು ಕಳೆದರೆ ಎರಡೂ ಸಲ ಮಿಲಿಗ್ರಾಂಗೆ 100 ಯೂನಿಟ್, ಫೋಲ್ಡ್ 5. ಎರಡನೇ ಸಲ ನಾನು ತೊಳೆದು ಕಳೆದದ್ದು ಕೊಳೆಯನ್ನಲ್ಲ, ಕಿಣ್ವವನ್ನೇ. ಕಿಣ್ವಕ್ಕೆ ಜೋಡಿಸಿದ ಟ್ಯಾಗ್‌ನ ಹಿಸ್ಟಿಡಿನ್‌ಗಳು ನಿಕಲ್ ಹಿಡಿಯುವುದು ತಮ್ಮ ಇಮಿಡಜೋಲ್ ಉಂಗುರದಿಂದಲೇ ಆದ್ದರಿಂದ, ಬಫರ್‌ನಲ್ಲಿ ಅದೇ ಅಣು ಹೆಚ್ಚಾದರೆ ಟ್ಯಾಗ್ ಕೈಬಿಡುತ್ತದೆ.

ಇನ್ನು, ಫೋಲ್ಡ್ 3 ಎಂದರೆ ಕಡಿಮೆ ಎಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಇ. ಕೋಲೈನಲ್ಲಿ ನಿಮ್ಮ ಪ್ರೋಟೀನ್ ಕ್ರೂಡ್‌ನ 20% ಇದ್ದರೆ ಪೂರ್ಣ ಶುದ್ಧವಾದಾಗಲೂ ಫೋಲ್ಡ್ 5ನ್ನು ದಾಟದು. 30% ಇದ್ದರೆ ಸುಮಾರು 3.3ಕ್ಕೇ ನಿಲ್ಲುತ್ತದೆ. ಅಂಗಾಂಶದಿಂದ ಕಿಣ್ವ ತೆಗೆದವರು ಬರೆಯುವ ನೂರಾರು ಪಟ್ಟಿನ ಲೆಕ್ಕ ಇಲ್ಲಿ ಅನ್ವಯಿಸದು. ನಾಳೆ ಬಫರನ್ನೇ ಬ್ಲಾಂಕ್ ಇಟ್ಟು, ಸ್ಯಾಂಪಲ್ಲನ್ನು ಡಯಾಲಿಸಿಸ್ ಮಾಡಿ ಬ್ರಾಡ್‌ಫರ್ಡ್‌ನಲ್ಲಿ ಅಳೆಯಿರಿ, ಫ್ಲೋ-ಥ್ರೂ ಮತ್ತು ವಾಶ್‌ಗೂ ಪಟ್ಟಿಯಲ್ಲಿ ಸಾಲು ಕೊಡಿ. ಅದಾದ ಮೇಲೂ ಜೆಲ್‌ನಲ್ಲಿ ಬೇರೆ ಬ್ಯಾಂಡ್‌ಗಳು ಕಂಡರೆ ಮಾತ್ರ ಇನ್ನೊಂದು ಕಾಲಂ ಹಾಕಿ.